ಅಡುಗೆ ಕಟ್ಟೆ ಮೇಲೆ ನೆರಳು ಬೀಳದ ಹಾಗೆ ಲೈಟ್ ಪಾಯಿಂಟ್ ಎಲ್ಲಿ ಕೊಡಿಸಬೇಕು?

ಸವಿತಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುತ್ತಿದ್ದೇವೆ, ಅಡುಗೆಮನೆಗೆ ಮುಂದಿನ ವಾರ ಟೈಲ್ಸ್ ಕೆಲಸ ಶುರು. ಅಷ್ಟರೊಳಗೆ ಲೈಟ್ ಪಾಯಿಂಟ್ ಎಲ್ಲೆಲ್ಲಿ ಬೇಕು ಅಂತ ಹೇಳಿಬಿಡಿ ಎಂದು ಎಲೆಕ್ಟ್ರಿಷಿಯನ್ ಕೇಳುತ್ತಿದ್ದಾರೆ. ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ. ಚಾವಣಿ 10 ಅಡಿ ಎತ್ತರ. ಉದ್ದದ ಗೋಡೆಗೆ ಕಟ್ಟೆ, ಮಧ್ಯದಲ್ಲಿ ಒಲೆ ಮತ್ತು ಚಿಮ್ನಿ, ಎರಡೂ ಕಡೆ ಮೇಲೆ ಕಬೋರ್ಡ್. ಎಡಗಡೆ ಕಬೋರ್ಡ್ 4 ಅಡಿ, ಬಲಗಡೆ ಮೂರೂವರೆ ಅಡಿ. ಕಟ್ಟೆಯಿಂದ ಕಬೋರ್ಡ್ ತಳಕ್ಕೆ 20 ಇಂಚು ಜಾಗ ಬಿಟ್ಟಿದ್ದೇವೆ. ಕಬೋರ್ಡ್ ಆಳ 12 ಇಂಚು, ಕಟ್ಟೆ ಅಗಲ 24 ಇಂಚು. ಕಪ್ಪು ಗ್ರಾನೈಟ್ ಹಾಕಿಸಿದ್ದೇವೆ, ಪಾಲಿಶ್ ಆಗಿರೋದು.

ಈಗ ಇರುವ ಬಾಡಿಗೆ ಮನೆಯಲ್ಲಿ ಚಾವಣಿ ಮಧ್ಯದಲ್ಲಿ ಒಂದೇ ಲೈಟ್. ರಾತ್ರಿ ಸೊಪ್ಪು ಹೆಚ್ಚುವಾಗ ಕೈ ಕೆಳಗೆ ಏನೂ ಸರಿಯಾಗಿ ಕಾಣಿಸಲ್ಲ, ಬೇಳೆ ಆರಿಸೋಕೆ ಹಾಲ್‌ಗೇ ಬರಬೇಕು. ಹೊಸ ಮನೆಯಲ್ಲಿ ಹೀಗಾಗಬಾರದು. ಎಲೆಕ್ಟ್ರಿಷಿಯನ್ ಹೇಳುವುದು, ಗೋಡೆಯಿಂದ 2 ಅಡಿ ಬಿಟ್ಟು ಸಾಲಾಗಿ ನಾಲ್ಕು ಸ್ಪಾಟ್ ಲೈಟ್ ಹಾಕಿದರೆ ಕಟ್ಟೆ ಮೇಲೆ ನೇರ ಬೀಳುತ್ತೆ ಅಂತ. ಸಾಕಾಗುತ್ತಾ?

ಮಂಜುನಾಥ ಬಿ., ದಾವಣಗೆರೆ

ಸ್ಪಾಟ್ ಲೈಟ್ ಬೇಡ ಮೇಡಂ. 20 ವ್ಯಾಟ್‌ನ ಎರಡು ಎಲ್‌ಇಡಿ ಟ್ಯೂಬ್ ಹಾಕಿಸಿ, ಒಂದು ಈ ಗೋಡೆಗೆ ಇನ್ನೊಂದು ಎದುರು ಗೋಡೆಗೆ. ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿ. ಬೆಳಕು ಜಾಸ್ತಿ ಆದರೆ ನೆರಳು ತಾನಾಗೇ ಹೋಗುತ್ತೆ. ನಮ್ಮ ಮನೆಯಲ್ಲಿ ಹಾಗೇ ಇದೆ, ತೊಂದರೆ ಇಲ್ಲ.

ರಾಘವೇಂದ್ರ, ಹುಬ್ಬಳ್ಳಿ (ಲೈಟಿಂಗ್ ಕೆಲಸ)

ಸವಿತಾ ಅವರೇ, ನಿಮ್ಮ ಅಳತೆ ಪೂರ್ತಿ ಕೊಟ್ಟಿದ್ದು ಒಳ್ಳೇದಾಯ್ತು. ಒಂದು ಕಾಗದದ ಮೇಲೆ ಗೋಡೆ, ಕಟ್ಟೆ, ಕಬೋರ್ಡು ಪಕ್ಕದಿಂದ ನೋಡಿದ ಹಾಗೆ ಬರೆದುಕೊಂಡು, ಲೈಟಿನಿಂದ ಕಬೋರ್ಡಿನ ಮುಂದಿನ ಕೆಳಗಿನ ಅಂಚನ್ನು ಮುಟ್ಟಿಸಿ ಕಟ್ಟೆವರೆಗೆ ಸ್ಕೇಲಲ್ಲಿ ಗೆರೆ ಎಳೆಯಿರಿ. ಆ ಗೆರೆ ಕಟ್ಟೆಗೆ ಎಲ್ಲಿ ತಾಗುತ್ತೋ ಅಲ್ಲಿಂದ ಗೋಡೆವರೆಗಿನ ಜಾಗಕ್ಕೆ ಆ ಲೈಟ್ ನೇರ ತಲುಪೋದಿಲ್ಲ.

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ 2 ಅಡಿ ತಗೊಳ್ಳಿ. ಚಾವಣಿ 120 ಇಂಚು, ಕಟ್ಟೆ 34 ಇಂಚು ಅಂತ ಹಿಡಿದರೆ ಕಬೋರ್ಡ್ ತಳ 54 ಇಂಚಿಗೆ ಬರುತ್ತೆ. ಲೈಟ್ ಕಬೋರ್ಡಿನ ಅಂಚಿಗಿಂತ 66 ಇಂಚು ಮೇಲಿದೆ, ಬರೀ 12 ಇಂಚು ಮುಂದಿದೆ. ಅಂದರೆ ಬೆಳಕು ತುಂಬಾ ಕಡಿದಾಗಿ ಇಳಿಯುತ್ತೆ. ಅಂಚು ದಾಟಿದ ಮೇಲೆ ಉಳಿದ 20 ಇಂಚು ಕೆಳಗಿಳಿಯೋದರೊಳಗೆ ಮೂರೂವರೆ ಇಂಚಿನಷ್ಟು ಮಾತ್ರ ಒಳಗೆ ಹೋಗುತ್ತೆ. ಗೋಡೆ ಕಡೆಯ ಸುಮಾರು 8 ಇಂಚು ಕತ್ತಲೆ. ಮಿಕ್ಸಿ, ಉಪ್ಪು ಖಾರದ ಡಬ್ಬಿ ಇಡೋದು ಅಲ್ಲೇ ಅಲ್ವಾ.

ಈಗ ಲೈಟನ್ನು ರೂಮಿನ ಮಧ್ಯಕ್ಕೆ, ಅಂದರೆ ಗೋಡೆಯಿಂದ 4 ಅಡಿಗೆ ತನ್ನಿ. ಅದೇ ಗೆರೆ ಈಗ ಹೆಚ್ಚೂಕಡಿಮೆ ಗೋಡೆವರೆಗೂ ಹೋಗುತ್ತೆ, ಒಂದು ಇಂಚು ಬಿಟ್ಟು. ಕಬೋರ್ಡಿನ ನೆರಳು ಹೋಯ್ತು. ಆದರೆ ಲೈಟ್ ಈಗ ನಿಮ್ಮ ಬೆನ್ನ ಹಿಂದೆ ಬಂತು. ನಿಮ್ಮ ತಲೆ, ಭುಜದ ನೆರಳು ಸೀದಾ ಮಣೆ ಮೇಲೆ. ಬಾಡಿಗೆ ಮನೆಯಲ್ಲಿ ಆಗುತ್ತಿರೋದು ಇದೇ.

ಹಾಗಾಗಿ ಚಾವಣಿ ಲೈಟನ್ನು ಹಿಂದೆ ಮುಂದೆ ಎಳೆದಾಡಿದರೆ ಒಂದು ನೆರಳು ಹೋಗಿ ಇನ್ನೊಂದು ಬರುತ್ತೆ. ಎರಡೂ ಹೋಗಬೇಕಾದರೆ ಲೈಟ್ ಕಬೋರ್ಡಿನ ಕೆಳಗೇ ಇರಬೇಕು. ಚಾವಣಿಯದ್ದು ಓಡಾಡೋಕೆ, ಡ್ರಾಯರ್ ಒಳಗೆ ನೋಡೋಕೆ.

ಮಂಜುನಾಥ್ ಸರ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಉದ್ದನೆಯ ಟ್ಯೂಬಿನ ನೆರಳು ಸ್ಪಾಟ್ ಲೈಟಿನ ನೆರಳಿನಷ್ಟು ಗಟ್ಟಿ ಇರಲ್ಲ, ಬಿಳಿ ಟೈಲ್ಸ್ ಕೂಡ ಬೆಳಕನ್ನು ತಿರುಗಿಸಿ ಕೊಡುತ್ತೆ. ಆದರೆ ವ್ಯಾಟ್ ಏರಿಸಿದರೆ ನೆರಳು ಹೋಗಲ್ಲ. ಪ್ರಕಾಶ ಇರೋ ಜಾಗವೂ ಏರುತ್ತೆ, ನೆರಳಿನ ಜಾಗವೂ ಏರುತ್ತೆ, ಒಂದು ಇನ್ನೊಂದರ ಎಷ್ಟು ಪಟ್ಟು ಅನ್ನೋದು ಹಾಗೇ ಉಳಿಯುತ್ತೆ. ಕಣ್ಣಿಗೆ ತೊಂದರೆ ಕೊಡೋದು ಆ ವ್ಯತ್ಯಾಸ.

ಮಂಜುನಾಥ ಬಿ., ದಾವಣಗೆರೆ

ನಮ್ಮ ಮನೆಯಲ್ಲಿ ಮೇಲೆ ಕಬೋರ್ಡೇ ಇಲ್ಲ, ತೆರೆದ ಶೆಲ್ಫು ಅಷ್ಟೇ. ಅದಕ್ಕೇ ಇರಬಹುದು.

ಶಾಂತಾ ಭಟ್, ಶಿರಸಿ

ಕಬೋರ್ಡ್ ಒಳಗೆ ಲೈಟ್ ಹಾಕಿಸೋದು ಒಳ್ಳೆಯ ವಿಚಾರ, ಬಾಗಿಲು ತೆಗೆದ ಕೂಡಲೇ ಹತ್ತಿಕೊಳ್ಳುವ ಹಾಗೆ ಬರುತ್ತೆ, ಹಿಂದಿನ ಡಬ್ಬಿ ಹುಡುಕೋಕೆ ಅನುಕೂಲ. ನಮ್ಮದು ಹಳೇ ಹೆಂಚಿನ ಮನೆ. ಅಡುಗೆಮನೆಯ ಮಾಡಿಗೆ ಎರಡು ಗಾಜಿನ ಹೆಂಚು ಹಾಕಿಸಿದ್ದೇವೆ, ಹಗಲು ಲೈಟೇ ಬೇಡ. ಆದರೆ ಆ ಹೆಂಚು ಕಟ್ಟೆಯ ನೇರಕ್ಕೆ ಬಾರದೆ ಹಿಂದಕ್ಕೆ ಬಂದಿದೆ. ಹಾಗಾಗಿ ಮಧ್ಯಾಹ್ನ ನಮ್ಮದೇ ನೆರಳು ಕಟ್ಟೆ ಮೇಲೆ ಬರುತ್ತೆ, ರಾಘವೇಂದ್ರ ಹೇಳಿದ ಹಾಗೆಯೇ.

ಸವಿತಾ, ಮೈಸೂರು

ಶಾಂತಕ್ಕ, ನಾನು ಕೇಳಿದ್ದು ಕಬೋರ್ಡಿನ ಕೆಳಗೆ ಕಟ್ಟೆಗೆ ಬೀಳುವ ಬೆಳಕು. ಗಾಜಿನ ಹೆಂಚು ನಮಗೆ ಆಗಲ್ಲ, ಮೇಲೆ ಇನ್ನೊಂದು ಮಹಡಿ ಬರುತ್ತೆ.

ರಾಘವೇಂದ್ರ ಅವರೇ, ಗೆರೆ ಎಳೆದು ನೋಡಿದೆ, ನೀವು ಹೇಳಿದ ಹಾಗೇ ಬಂತು. ಹಾಗಾದರೆ ಕಬೋರ್ಡಿನ ಕೆಳಗೆ ಲೈಟು ಗೋಡೆಗೆ ತಾಗಿ ಹಾಕಬೇಕಾ, ಮುಂದೆ ಹಾಕಬೇಕಾ? ಇಲ್ಲಿ ಒಂದು ಶೋರೂಮಿನಲ್ಲಿ ಗೋಡೆ ಮೂಲೆಗೇ ಹಾಕಿದ್ದರು, ಟೈಲ್ಸ್ ಮೇಲೆ ಚೆನ್ನಾಗಿ ಹೊಳೀತಿತ್ತು.

ರಾಘವೇಂದ್ರ, ಹುಬ್ಬಳ್ಳಿ

ಶೋರೂಮಿನಲ್ಲಿ ಟೈಲ್ಸ್ ಚೆನ್ನಾಗಿ ಕಾಣಲಿ ಅಂತ ಹಾಗೆ ಹಾಕುತ್ತಾರೆ. ಗೋಡೆಗೆ ತಾಗಿದ್ದರೆ ಬೆಳಕಿನ ದೊಡ್ಡ ಪಾಲು ಟೈಲ್ಸಿಗೇ ಹೋಗುತ್ತೆ, ಟೈಲ್ಸ್ ಅಂಟಿಸಿದ್ದರಲ್ಲಿ ಸ್ವಲ್ಪ ಏರುಪೇರಿದ್ದರೂ ಎದ್ದು ಕಾಣುತ್ತೆ. ನೀವು ತರಕಾರಿ ಹೆಚ್ಚೋದು ಕಟ್ಟೆಯ ಮುಂದಿನ ಅರ್ಧದಲ್ಲಿ, ಅಲ್ಲಿಗೆ ಕಡಿಮೆ ಬರುತ್ತೆ. ಜೊತೆಗೆ ಮಿಕ್ಸಿ, ಡಬ್ಬಿಗಳ ನೆರಳು ನಿಮ್ಮ ಕಡೆಗೇ ಚಾಚಿಕೊಳ್ಳುತ್ತೆ. ಮುಂದಿನ ಅಂಚಿನ ಹತ್ತಿರ ಹಾಕಿಸಿ. ಆಗ ಬೆಳಕು ಮಣೆಯ ಮೇಲಿಂದಲೇ ಇಳಿಯುತ್ತೆ, ಕೈಯ ನೆರಳು ಸಣ್ಣದಾಗಿ ಕೈ ಪಕ್ಕದಲ್ಲೇ ಇರುತ್ತೆ.

ಇನ್ನೊಂದು, ಬಿಡಿಬಿಡಿಯಾಗಿ ದುಂಡನೆ ಲೈಟು ಕೊಡ್ತೀನಿ ಅಂದರೆ ಒಪ್ಪಬೇಡಿ. ಎರಡು ಲೈಟ್ ನಡುವೆ ಮಸುಕು ಬರುತ್ತೆ, ಚಾಕುವಿಗೆ ಎರಡೆರಡು ನೆರಳು ಬರುತ್ತೆ. ಕಬೋರ್ಡ್ ಇರೋ ಉದ್ದಕ್ಕೂ ಒಂದೇ ಪಟ್ಟಿ ಇರಲಿ.

ಗಣೇಶ್, ಉಡುಪಿ (ಮರಗೆಲಸ)

ನಾನು ಕಿಚನ್ ಕಬೋರ್ಡ್ ಕೆಲಸ ಮಾಡುವವನು. ಮುಂದೆ ಹಾಕಿದರೆ ಲೈಟ್ ಕಣ್ಣಿಗೆ ಹೊಡೆಯೋದನ್ನು ಯಾರೂ ಯೋಚಿಸಲ್ಲ. ನಿಂತವರಿಗೆ ಕಾಣಲ್ಲ, ಆದರೆ ಡೈನಿಂಗ್ ಟೇಬಲ್ ಹತ್ತಿರ ಕೂತವರಿಗೆ, ಮಕ್ಕಳಿಗೆ ಸೀದಾ ಕಣ್ಣಿಗೆ ಬರುತ್ತೆ. ಅದಕ್ಕೆ ಕಬೋರ್ಡಿನ ಬಾಗಿಲನ್ನು ತಳಕ್ಕಿಂತ 20 ಮಿ.ಮೀ. ಕೆಳಗೆ ಇಳಿಸಿ ಮಾಡಿಸಿ. ಬಾಗಿಲೇ ಲೈಟಿಗೆ ಮರೆ ಆಗುತ್ತೆ, ತೆಗೆಯೋಕೆ ಬೆರಳು ಹಾಕೋ ಜಾಗವೂ ಆಗುತ್ತೆ, ಹ್ಯಾಂಡಲ್ ಬೇಡ.

ತಳದ ಪ್ಲೈವುಡ್ 18 ಮಿ.ಮೀ. ಇರುತ್ತಲ್ಲ, ಬಾಗಿಲಿನಿಂದ ಎರಡು ಇಂಚು ಹಿಂದೆ ಅದರಲ್ಲಿ ಗ್ರೂವ್ ಹೊಡೆದು, ಎಲ್‌ಇಡಿ ಸ್ಟ್ರಿಪ್ ಅಂಟಿಸೋ ಅಲ್ಯೂಮಿನಿಯಂ ಚಾನೆಲ್, ಅಂದರೆ ಪ್ರೊಫೈಲ್ ಕೂರಿಸುತ್ತೇವೆ. ಮೊದಲೇ ಹೇಳಿದರೆ ಮೆಷಿನ್‌ನಲ್ಲೇ ಸುಲಭವಾಗಿ ಹೊಡೆಯಬಹುದು. ಕಬೋರ್ಡ್ ಗೋಡೆಗೆ ಹತ್ತಿದ ಮೇಲೆ ಹೇಳಿದರೆ ತಲೆ ಮೇಲೆತ್ತಿಕೊಂಡು ಕೊರೆಯಬೇಕು, ನೀಟಾಗಿ ಬರಲ್ಲ. ಆಗ ಮೇಲಿಂದ ಸ್ಕ್ರೂ ಹಾಕುವ ಪ್ರೊಫೈಲೇ ಗತಿ.

ಪ್ರೊಫೈಲ್ ಇಲ್ಲದೆ ಬರೀ ಸ್ಟ್ರಿಪ್ ಅಂಟಿಸಬೇಡಿ. ಒಗ್ಗರಣೆ ಹೊಗೆ, ಎಣ್ಣೆ ಹಬೆ ಕೂತು ಜಿಡ್ಡಾಗುತ್ತೆ, ಅಂಟು ಬಿಟ್ಟು ನೇತಾಡುತ್ತೆ. ಸ್ಟ್ರಿಪ್ಪಿನ ಬಿಸಿ ಹೋಗೋಕೂ ಅಲ್ಯೂಮಿನಿಯಂ ಬೇಕು.

ಇಮ್ರಾನ್, ಬೆಂಗಳೂರು

ನಮ್ಮದು ಬಾಡಿಗೆ ಫ್ಲ್ಯಾಟ್, ಗೋಡೆ ಕೊರೆಯೋ ಹಾಗಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಚಾರ್ಜ್ ಮಾಡೋ ಸೆನ್ಸರ್ ಲೈಟ್ ತಂದು ಅಂಟಿಸಿದ್ದೆ. ಸುಮ್ನೆ ನಿಂತು ಈರುಳ್ಳಿ ಹೆಚ್ಚುತ್ತಿದ್ದರೆ ಆರಿಹೋಗುತ್ತೆ! ಮೈ ಅಲ್ಲಾಡಿಸಿದರೆ ಮತ್ತೆ ಹತ್ತುತ್ತೆ. ಅದರಲ್ಲಿ ಯಾವಾಗಲೂ ಆನ್ ಇಡೋ ಬಟನ್ ಇದೆ, ಆದರೆ ಹಾಗಿಟ್ಟರೆ ಚಾರ್ಜ್ ಬೇಗ ಮುಗಿಯುತ್ತೆ.

ಈಗ 2 ಅಡಿಯ ಟಿ5 ಎಲ್‌ಇಡಿ ಬ್ಯಾಟನ್ ಹಾಕಿದ್ದೇನೆ, ಮಿಕ್ಸಿ ಪಾಯಿಂಟಿಗೇ ಪ್ಲಗ್. ವೋಲ್ಟೇಜ್ ಇಳಿಸಿ ಸ್ಟ್ರಿಪ್ಪಿಗೆ ಕೊಡೋ ಡ್ರೈವರ್, ಪ್ರೊಫೈಲ್ ಏನೂ ಬೇಡ, ಬೆಳಕು ಧಾರಾಳ. ಸವಿತಾ ಅವರೂ ಇದನ್ನೇ ಹಾಕಬಹುದಲ್ಲ?

ರಾಘವೇಂದ್ರ, ಹುಬ್ಬಳ್ಳಿ

ಹಾಕಬಹುದು ಇಮ್ರಾನ್, ಬ್ಯಾಟನ್ ಕೆಟ್ಟದ್ದಲ್ಲ. ಕೆಟ್ಟರೆ ಹತ್ತಿರದ ಅಂಗಡಿಯಲ್ಲೇ ಇನ್ನೊಂದು ಸಿಗುತ್ತೆ, ಅದು ದೊಡ್ಡ ಅನುಕೂಲ. ದಪ್ಪ ಇರೋದರಿಂದ ಗಣೇಶ್ ಹೇಳಿದ 20 ಮಿ.ಮೀ. ಮರೆ ಸಾಕಾಗಲ್ಲ, ಇನ್ನೂ ಸ್ವಲ್ಪ ಇಳಿಸಬೇಕು. ಮತ್ತೆ ಅದು 230 ವೋಲ್ಟ್. ಸಿಂಕ್ ಪಕ್ಕ, ಒದ್ದೆ ಕೈಗೆ ಸಿಗುವಲ್ಲಿ ಅದರ ಜಾಯಿಂಟ್ ಬಿಡಬೇಡಿ.

ಸವಿತಾ ಅವರಿಗೆ ನಾನಾದರೆ 24 ವೋಲ್ಟ್ ಸ್ಟ್ರಿಪ್ ಹಾಕುತ್ತೇನೆ. ಲೆಕ್ಕ ಹೀಗೆ. ಎಡಗಡೆ 4 ಅಡಿ, ಬಲಗಡೆ ಮೂರೂವರೆ, ಸೇರಿ ಸುಮಾರು 2.3 ಮೀಟರ್. ಮೀಟರಿಗೆ 10 ವ್ಯಾಟ್‌ನದ್ದು ತಗೊಂಡರೆ 23 ವ್ಯಾಟ್. ಡ್ರೈವರನ್ನು ಸರಿಯಾಗಿ 23ಕ್ಕೇ ತಗೋಬೇಡಿ, ಯಾವಾಗಲೂ ಪೂರ್ತಿ ಲೋಡಿನಲ್ಲಿ ಓಡಿದರೆ ಬಿಸಿಯಾಗಿ ಬೇಗ ಹೋಗುತ್ತೆ. 30 ಅಥವಾ 36 ವ್ಯಾಟ್‌ನದ್ದು ಇರಲಿ.

ಹತ್ತು ವ್ಯಾಟ್ ಸಾಕಾ ಅಂದರೆ, ಒಳ್ಳೆಯ ಸ್ಟ್ರಿಪ್ ಮೀಟರಿಗೆ ಸುಮಾರು 1000 ಲ್ಯೂಮೆನ್ ಕೊಡುತ್ತೆ. ಹಾಲುಬಿಳಿ ಕವರ್ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ತಿನ್ನುತ್ತೆ. ಉಳಿದದ್ದರಲ್ಲಿ ಅರ್ಧ ಕಟ್ಟೆಗೆ ಬಿತ್ತು ಅಂದುಕೊಂಡರೂ ಚದರ ಮೀಟರಿಗೆ 500 ಲ್ಯೂಮೆನ್, ಅಂದರೆ 500 ಲಕ್ಸ್ ಮೇಲೆ ಸಿಗುತ್ತೆ. ಹೆಚ್ಚೋದು, ಆರಿಸೋದಕ್ಕೆ 300ರಿಂದ 500 ಸಾಕು. ಮೀಟರಿಗೆ 5 ವ್ಯಾಟ್‌ನದ್ದು ಬರೀ ಅಲಂಕಾರಕ್ಕೆ, ಅದನ್ನು ಹಾಕಿಸಿಕೊಂಡು ಆಮೇಲೆ ಬೆಳಕು ಸಾಲದು ಅನ್ನೋರು ತುಂಬಾ ಜನ.

ಸಿ.ಓ.ಬಿ. ಸ್ಟ್ರಿಪ್ ಕೇಳಿ. ಅದರಲ್ಲಿ ಚುಕ್ಕೆ ಚುಕ್ಕೆ ಕಾಣಲ್ಲ, ಒಂದೇ ಗೆರೆ. ನಿಮ್ಮದು ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಅಂದಿರಿ. ಅದು ಕನ್ನಡಿ ಇದ್ದ ಹಾಗೆ, ಮೇಲಿರೋ ಪ್ರತಿ ಚುಕ್ಕೆಯೂ ಕಟ್ಟೆಯಲ್ಲಿ ಮೂಡಿ ಕಣ್ಣು ಕುಕ್ಕುತ್ತೆ. ನಿಮ್ಮ ಅಳತೆಗೆ ಆ ಪ್ರತಿಬಿಂಬ ಕಟ್ಟೆಯ ಮುಂದಿನ ಅಂಚಿನಿಂದ ನಾಲ್ಕೈದು ಇಂಚು ಒಳಗೆ, ಹೆಚ್ಚೋ ಮಣೆಯ ಅಕ್ಕಪಕ್ಕ ಕಾಣುತ್ತೆ. ಅದಕ್ಕೆ 45 ಡಿಗ್ರಿ ಪ್ರೊಫೈಲನ್ನು ಗೋಡೆ ಕಡೆಗೆ ಮುಖ ಮಾಡಿ ಹಾಕಿಸಿ. ಆಗ ನಿಮ್ಮ ಕಡೆ ಬರೋ ಬೆಳಕು ಕಡಿಮೆಯಾಗಿ ಪ್ರತಿಬಿಂಬ ಮಂಕಾಗುತ್ತೆ.

ಗಣೇಶ್, ಉಡುಪಿ

45 ಡಿಗ್ರಿ ನಾನು ಒಪ್ಪಲ್ಲ ಸರ್. ಗೋಡೆ ಕಡೆ ತಿರುಗಿಸಿದರೆ ಕಟ್ಟೆಯ ಮುಂದಿನ ಆರೇಳು ಇಂಚಿಗೆ ಬೆಳಕು ಬೀಳೋದೇ ಕಡಿಮೆ. ಅಷ್ಟೆಲ್ಲ ಮಾಡಿ ಮಣೆಯ ಅರ್ಧ ಮಸುಕಾದರೆ ಏನು ಬಂತು? ಚಪ್ಪಟೆ ಪ್ರೊಫೈಲ್ ನೇರ ಕೆಳಕ್ಕೆ ಇರಲಿ, ಹಾಲುಬಿಳಿ ಕವರ್ ಇದ್ದರೆ ಪ್ರತಿಬಿಂಬ ಅಂಥಾ ಚುಚ್ಚಲ್ಲ. ನಮ್ಮ ಗ್ರಾಹಕರು ಯಾರೂ ದೂರಿಲ್ಲ.

ರಾಘವೇಂದ್ರ, ಹುಬ್ಬಳ್ಳಿ

ಮ್ಯಾಟ್ ಅಥವಾ ತಿಳಿ ಬಣ್ಣದ ಕಲ್ಲಿಗೆ ನಿಮ್ಮ ಮಾತು ಪೂರ್ತಿ ಸರಿ. ಕಪ್ಪು ಪಾಲಿಶಿಗೆ ನನಗೆ ಸಮಾಧಾನ ಇಲ್ಲ. ಮುಂದಿನ ಅಂಚಿಗೆ ಚಾವಣಿ ಲೈಟಿನದ್ದೂ ಸ್ವಲ್ಪ ಸೇರುತ್ತೆ, ಆದರೆ ಮೈ ಅಡ್ಡ ಬರುತ್ತೆ ಅನ್ನೋದೂ ನಿಜ. ಸವಿತಾ ಅವರು ಎರಡನ್ನೂ ಹಿಡಿದು ನೋಡಿ ತೀರ್ಮಾನಿಸಲಿ.

ಪ್ರಕಾಶ್, ಕಲಬುರಗಿ

ಕರೆಂಟ್ ಹೋಗೋದರ ಬಗ್ಗೆ ಯಾರೂ ಹೇಳಲಿಲ್ಲ. ಕಟ್ಟೆ ಲೈಟನ್ನು ಯುಪಿಎಸ್ ಲೈನಿಗೆ ಹಾಕಿಸಿ. 25 ವ್ಯಾಟ್ ಏನೂ ಅಲ್ಲ, ಒಂದು ಫ್ಯಾನಿಗಿಂತ ಕಡಿಮೆ. ಒಲೆ ಉರಿಯುತ್ತಿರುವಾಗ ಕತ್ತಲಾಗಬಾರದು. ಆದರೆ ಹಳೇ ಥರದ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಕೆಲವು ಡ್ರೈವರ್ ಗುಂಯ್ ಅನ್ನುತ್ತೆ, ಮಿಣುಕುತ್ತೆ. ಸೈನ್ ವೇವ್ ಆದರೆ ತೊಂದರೆ ಇಲ್ಲ.

ಸವಿತಾ, ಮೈಸೂರು

ಯುಪಿಎಸ್ ವಿಷಯ ನಮಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಪ್ರಕಾಶ್ ಅವರೇ. ಈಗ ಟೈಲ್ಸ್‌ಗೆ ಮೊದಲು ನಾನು ಎಲೆಕ್ಟ್ರಿಷಿಯನ್‌ಗೆ ಏನು ಹೇಳಬೇಕು? ಅದು ಅರ್ಜೆಂಟ್. ಡ್ರೈವರ್ ಎಲ್ಲಿ ಇಡೋದು, ಚಿಮ್ನಿ ಮಧ್ಯ ಬಂದಿರೋದರಿಂದ ಎರಡು ಕಡೆಗೂ ಬೇರೆ ಬೇರೆ ಬೇಕಾ?

ರಾಘವೇಂದ್ರ, ಹುಬ್ಬಳ್ಳಿ

ಒಂದೇ ಡ್ರೈವರ್ ಸಾಕು. ಎಡಗಡೆ ಕಬೋರ್ಡಿನ ಮೇಲಿನ ಖಾನೆಯ ಮೂಲೆಯಲ್ಲಿ ಇರಲಿ, ಚಿಮ್ನಿಯಿಂದ ದೂರದ ಮೂಲೆ. ಸಂದಿಯಲ್ಲಿ ತುರುಕಿ ಮುಚ್ಚಿಬಿಡಬೇಡಿ, ಗಾಳಿ ಆಡಬೇಕು. ಸ್ಟ್ರಿಪ್ಪಿಗಿಂತ ಮೊದಲು ಡ್ರೈವರ್ರೇ ಕೆಡೋದು ಜಾಸ್ತಿ, ಹಾಗಾಗಿ ಕಬೋರ್ಡ್ ಬಿಚ್ಚದೆ ಕೈಗೆ ಸಿಗಬೇಕು.

ಎಲೆಕ್ಟ್ರಿಷಿಯನ್‌ಗೆ ಹೇಳೋದು ಮೂರು ಮಾತು. ಆ ಖಾನೆಯ ಮಟ್ಟಕ್ಕೆ, ನೆಲದಿಂದ ಸುಮಾರು ಆರೂವರೆ ಅಡಿಗೆ, ಯುಪಿಎಸ್ ಲೈನಿನಿಂದ ಅರ್ತ್ ಸಮೇತ ಒಂದು ಪಾಯಿಂಟ್. ಅದರ ಸ್ವಿಚ್ ಕಟ್ಟೆ ಮೇಲಿನ ಬೋರ್ಡಿನಲ್ಲೇ, ಚಾವಣಿ ಲೈಟಿನ ಸ್ವಿಚ್ಚಿನ ಜೊತೆ ಸೇರಿಸದೆ. ಆಮೇಲೆ ಅಲ್ಲಿಂದ ಬಲಗಡೆ ಕಬೋರ್ಡಿನೊಳಕ್ಕೆ ಗೋಡೆಯಲ್ಲಿ ಒಂದು ಖಾಲಿ ಪೈಪ್. 24 ವೋಲ್ಟಿನ ವೈರ್ ಅದರಲ್ಲಿ ಹೋಗುತ್ತೆ, 230 ವೋಲ್ಟಿನ ವೈರನ್ನು ಅದೇ ಪೈಪಿನಲ್ಲಿ ಸೇರಿಸಬಾರದು. ಎಡಗಡೆಗೆ ಕಬೋರ್ಡಿನ ಒಳಮೂಲೆಯಲ್ಲೇ ಇಳಿಸಬಹುದು, ಪೈಪ್ ಬೇಡ.

ಪೈಪ್ ಎಲ್ಲಿ ಹಾದುಹೋಗಿದೆ ಅಂತ ಪ್ಲಾಸ್ಟರಿಂಗ್‌ಗೆ ಮೊದಲು ಟೇಪ್ ಹಿಡಿದು ಫೋಟೋ ತೆಗೆದಿಡಿ. ಚಿಮ್ನಿಗೆ ಡ್ರಿಲ್ ಮಾಡೋರು ಸರಿಯಾಗಿ ಅದರ ಮೇಲೇ ಕೊರೀತಾರೆ.

ಎತ್ತರ ಅಳೆಯೋದು ಟೈಲ್ಸ್ ಹಾಕಿದ ಮೇಲಿನ ನೆಲದಿಂದ. ಈಗಿರೋ ಒರಟು ಕಾಂಕ್ರೀಟ್ ನೆಲದಿಂದ ಅಳೆದರೆ ಪಾಯಿಂಟ್ ಎರಡು ಮೂರು ಇಂಚು ಕೆಳಗೆ ಬಂದು ಖಾನೆಯ ಹಲಗೆಗೇ ಅಡ್ಡ ಆಗುತ್ತೆ. ನಿಮ್ಮಲ್ಲಿ ಕಟ್ಟೆ ಆಗಲೇ ಕೂತಿರೋದರಿಂದ ಕಟ್ಟೆಯಿಂದ ಮೇಲಕ್ಕೆ ಅಳೆಯೋದು ಇನ್ನೂ ಒಳ್ಳೇದು, ತಪ್ಪೋ ಸಂಭವ ಇಲ್ಲ.

ವೀಣಾ, ಶಿವಮೊಗ್ಗ

ಬಣ್ಣ ಯಾವುದು ಹಾಕಿಸೋದು ಹೇಳಿ. ನಮ್ಮ ಮನೆಯಲ್ಲಿ 6500 ಕೆ. ಬಿಳಿ ಲೈಟ್. ಸಾರು ಮಾಡಿದರೆ ಬಣ್ಣವೇ ಸತ್ತ ಹಾಗೆ ಕಾಣುತ್ತೆ, ಊಟಕ್ಕೆ ಹಾಲ್‌ಗೆ ತಂದರೆ ಸರಿ ಇರುತ್ತೆ.

ರಾಘವೇಂದ್ರ, ಹುಬ್ಬಳ್ಳಿ

ಅದು ಬಿಳುಪಿನ ತಪ್ಪು ಒಂದೇ ಅಲ್ಲ ವೀಣಾ ಅವರೇ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತೆ ಅಂತ ಹೇಳೋ ಸಿ.ಆರ್.ಐ. ಅಂತ ಒಂದು ಅಂಕಿ ಬಾಕ್ಸ್ ಮೇಲೆ ಇರುತ್ತೆ. ಅಗ್ಗದ ಲೈಟಿನಲ್ಲಿ ಅದು 80ರ ಸುತ್ತಮುತ್ತ, ಅಂಥವು ಕೆಂಪನ್ನು ಸರಿಯಾಗಿ ತೋರಿಸಲ್ಲ. ಟೊಮೆಟೊ ಹಣ್ಣಾಗಿದೆಯಾ, ಮೀನು ತಾಜಾ ಇದೆಯಾ, ಖಾರದ ಪುಡಿ ಹುರಿದದ್ದು ಕರಕಾಯ್ತಾ ಅಂತ ನೋಡೋದು ಆ ಕೆಂಪಿನಿಂದಲೇ. 90ರ ಮೇಲಿನದ್ದು ಕೇಳಿ ತಗೊಳ್ಳಿ, ಬೆಲೆ ಸ್ವಲ್ಪ ಜಾಸ್ತಿ. ಬಣ್ಣ ನಾನು 4000 ಕೆ. ಹೇಳ್ತೀನಿ. ಚಾವಣಿ ಲೈಟೂ ಅದೇ ಇರಲಿ, ಮೇಲೆ ಒಂದು ಬಣ್ಣ ಕೆಳಗೆ ಒಂದು ಬಣ್ಣ ಆದರೆ ಕಟ್ಟೆ ಮೇಲೆ ಎರಡು ಥರದ ಬೆಳಕು ಬೆರೆತು ಕಾಣುತ್ತೆ.

ಇಮ್ರಾನ್, ಬೆಂಗಳೂರು

ನಮಗೆ 3000 ಕೆ. ಇಷ್ಟ. ರಾತ್ರಿ ಹಾಯಾಗಿರುತ್ತೆ.

ಶಾಂತಾ ಭಟ್, ಶಿರಸಿ

ವಯಸ್ಸಾದವರಿಗೆ ಹಳದಿ ಬೆಳಕಲ್ಲಿ ಅಕ್ಕಿಯ ಕಲ್ಲು ಕಾಣಲ್ಲಪ್ಪ. ನನಗಂತೂ ಬಿಳಿಯೇ ಬೇಕು.

ಸವಿತಾ, ಮೈಸೂರು

ಇವತ್ತು ಎಲೆಕ್ಟ್ರಿಷಿಯನ್ ಜೊತೆ ಮಾತಾಡಿದೆ. ಕಬೋರ್ಡಿನೊಳಗೆ ಪಾಯಿಂಟ್, ಬಲಗಡೆಗೆ ಖಾಲಿ ಪೈಪ್, ಬೇರೆ ಸ್ವಿಚ್, ಎಲ್ಲಕ್ಕೂ ಒಪ್ಪಿದರು. ನಾಲ್ಕು ಸ್ಪಾಟ್ ಲೈಟ್ ಬದಲು ಮಧ್ಯದಲ್ಲಿ ಎರಡು ಸಾಕು ಅಂತಾಯ್ತು. ಮರಗೆಲಸದವರೂ ಬಾಗಿಲು 20 ಮಿ.ಮೀ. ಇಳಿಸೋಕೆ ಸರಿ ಅಂದರು. ಸಿಂಕ್ ಇರೋದು ಕಿಟಕಿ ಕೆಳಗೆ, ಅಲ್ಲಿ ಮೇಲೆ ಕಬೋರ್ಡ್ ಇಲ್ಲ. ರಾತ್ರಿ ಪಾತ್ರೆ ತೊಳೆಯೋಕೆ ಅಲ್ಲಿ ಏನು ಮಾಡೋದು? ಮತ್ತೆ 45 ಡಿಗ್ರಿಯೋ ಚಪ್ಪಟೆಯೋ ಇನ್ನೂ ಗೊತ್ತಾಗುತ್ತಿಲ್ಲ.

ರಾಘವೇಂದ್ರ, ಹುಬ್ಬಳ್ಳಿ

ಸಿಂಕಿನ ಮೇಲೆ ಕಬೋರ್ಡ್ ಇಲ್ಲದ್ದರಿಂದ ಅಲ್ಲಿ ಎಲೆಕ್ಟ್ರಿಷಿಯನ್ ಲೆಕ್ಕವೇ ಸರಿ. ಗೋಡೆಯಿಂದ ಒಂದೂವರೆ ಅಡಿಗೆ, ಸಿಂಕಿನ ನೇರಕ್ಕೆ ಚಾವಣಿಯಲ್ಲಿ ಒಂದು ಲೈಟ್ ಕೊಡಿ. ಲೈಟ್ ನಿಮ್ಮ ತಲೆಗಿಂತ ಮುಂದೆ ಇರುತ್ತೆ, ಮೈ ಅಡ್ಡ ಬರಲ್ಲ.

ಪ್ರೊಫೈಲ್ ವಿಷಯಕ್ಕೆ, ಅಂಗಡಿಯಲ್ಲಿ ಎರಡೂ ಥರದ್ದು ಒಂದೊಂದು ಅಡಿ ತುಂಡು ಮತ್ತು ಸ್ಟ್ರಿಪ್ ಕೊಡ್ತಾರೆ. 3000, 4000 ಎರಡೂ ತನ್ನಿ. ಕತ್ತಲಾದ ಮೇಲೆ ನಿಮ್ಮ ಗ್ರಾನೈಟ್ ಮೇಲೆ 20 ಇಂಚು ಎತ್ತರಕ್ಕೆ, ಗೋಡೆಯಿಂದ 10 ಇಂಚಿಗೆ ಒಬ್ಬರು ಹಿಡಿದುಕೊಳ್ಳಲಿ. ನೀವು ಹೆಚ್ಚೋ ಜಾಗದಲ್ಲಿ ನಿಂತು, ಮಣೆ ಇಟ್ಟು, ಅದರ ಮುಂದಿನ ಅಂಚಿನಲ್ಲಿ ಒಂದು ಹಿಡಿ ತೊಗರಿಬೇಳೆ ಹರಡಿ ನೋಡಿ. ಬೇಳೆ ಸ್ಪಷ್ಟ ಕಂಡರೆ 45 ಡಿಗ್ರಿ ಸಾಕು. ಕಾಣದಿದ್ದರೆ ಗಣೇಶ್ ಹೇಳಿದ್ದೇ ಹಾಕಿಸಿ, ಪ್ರತಿಬಿಂಬಕ್ಕೆ ಹೊಂದಿಕೊಳ್ಳಬಹುದು.

ಗಣೇಶ್, ಉಡುಪಿ

ಗ್ರೂವ್ ಹೊಡೆಯೋ ಮೊದಲು ನೋಡಿಬಿಡಿ ಅಕ್ಕ. ಎರಡರ ಗ್ರೂವ್ ಅಳತೆ ಬೇರೆ ಬೇರೆ.